ಎರಡು ವಾರದಲ್ಲಿ ಡಿಫರೆನ್ಶಿಯಲ್ ಇಕ್ವೇಶನ್ ಪರೀಕ್ಷೆ, ಎಷ್ಟು ಓದಿದರೂ ಲೆಕ್ಕ ಮುಗಿಯುತ್ತಿಲ್ಲ

ಸಂಜೆಶಿಫ್ಟ್:
ಡಿಪ್ಲೊಮಾ ಮಾಡುತ್ತಿದ್ದೇನೆ, ಜೊತೆಗೆ ಪಾರ್ಟ್ ಟೈಮ್ ಕೆಲಸ. ಇದು ನನ್ನ ಮೊದಲ ಡಿಫರೆನ್ಶಿಯಲ್ ಇಕ್ವೇಶನ್ ಪರೀಕ್ಷೆ, ಇನ್ನು ಎರಡೇ ವಾರ. ಫಾರ್ಮುಲಾ ಎಲ್ಲಾ ಬಾಯಿಪಾಠ ಇದೆ, ಆದರೂ ಲೆಕ್ಕ ಅರ್ಧಕ್ಕೇ ನಿಲ್ಲುತ್ತದೆ. ಯಾರಾದರೂ ಒಂದು ಪ್ಲಾನ್ ಹಾಕಿಕೊಡಿ.

ಹಳೇಪೆನ್:
ಇಂಟಿಗ್ರೇಶನ್ ವೀಕ್ ಇದೆ, ಅಷ್ಟೇ. ಮೊದಲ ವಾರ ಪೂರ್ತಿ ಇಂಟಿಗ್ರೇಶನ್ ಮಾಡಿ. ಡಿಇ ಆಮೇಲೆ.

ಬಿಳಿಹಲಗೆ:
ಸಿಲಬಸ್ ಏನು? ವಾರದಲ್ಲಿ ಎಷ್ಟು ದಿನ ಕೆಲಸ? ಅದಕ್ಕಿಂತ ಮುಖ್ಯ, ನಿಂತುಹೋದ ಒಂದು ಲೆಕ್ಕ ಇಲ್ಲಿ ಹಾಕಿ. ಅದನ್ನು ನೋಡದೆ ಪ್ಲಾನ್ ಹೇಳಿದರೆ ಸುಮ್ನೆ ಊಹೆ ಆಗುತ್ತದೆ.

ಕೋಡುಕೋಟೆ:
ನಾನು ಇವೆಲ್ಲ ರುಂಗೆ-ಕುಟ್ಟ ಹಾಕಿ ಕಂಪ್ಯೂಟರ್‌ನಲ್ಲೇ ಬಿಡಿಸುತ್ತೇನೆ. ಎರಡು ಮಾನಿಟರ್, ಒಂದರಲ್ಲಿ ಗ್ರಾಫ್, ಒಂದರಲ್ಲಿ ಕೋಡ್. ಸೂಪರ್ ಆಗಿರುತ್ತದೆ.

ಹಳೇಪೆನ್:
@ಕೋಡುಕೋಟೆ ಪರೀಕ್ಷೆ ಪೇಪರ್ ಮೇಲೆ ಸ್ವಾಮಿ. ಮಾನಿಟರ್ ಒಳಗೆ ಬಿಡಲ್ಲ.

ಸಂಜೆಶಿಫ್ಟ್:
ವಾರದಲ್ಲಿ ಐದು ಸಂಜೆ ಕೆಲಸ, ಎರಡು ದಿನ ರಜೆ. ಸಿಲಬಸ್: ಸೆಪರೇಬಲ್, ಲೀನಿಯರ್, ಎಕ್ಸಾಕ್ಟ್, ಆಮೇಲೆ ಸೆಕೆಂಡ್ ಆರ್ಡರ್ ಕಾನ್‌ಸ್ಟಂಟ್ ಕೋಎಫಿಶಿಯಂಟ್. ನಿಂತ ಲೆಕ್ಕ ಇದು:

```
x y' + 2y = x^2
IF = e^(2x)
y e^(2x) = ∫ x^2 e^(2x) dx
```

ಇಲ್ಲಿಂದ ಬೈ ಪಾರ್ಟ್ಸ್ ಎರಡು ಸಲ ಮಾಡಿದೆ, ಬಂದದ್ದು ಪುಸ್ತಕದ ಉತ್ತರಕ್ಕೆ ಹೊಂದುತ್ತಿಲ್ಲ.

ಹಳೇಪೆನ್:
ಹೇಳಿದೆನಲ್ಲ, ಬೈ ಪಾರ್ಟ್ಸ್! ಇಂಟಿಗ್ರೇಶನ್ನೇ ಸಮಸ್ಯೆ.

ಬಿಳಿಹಲಗೆ:
ಅಲ್ಲ. ಬೈ ಪಾರ್ಟ್ಸ್ ಇಲ್ಲಿ ಬರಲೇಬಾರದಿತ್ತು. ಎರಡನೇ ಸಾಲಿನಲ್ಲೇ ದಾರಿ ತಪ್ಪಿದೆ. y' ಮುಂದೆ x ಇದೆ. ಮೊದಲು ಅದರಿಂದ ಭಾಗಿಸಬೇಕು. ಆಮೇಲೆ y ಮುಂದೆ ಉಳಿಯುವುದೇ P.

```
y' + (2/x) y = x
IF = e^(∫ 2/x dx) = x^2
x^2 y = ∫ x^3 dx = x^4/4 + C
y = x^2/4 + C/x^2
```

IF ಸರಿಯಿದೆಯೇ ಎಂದು ತಿಳಿಯಲು ಇಂಟಿಗ್ರೇಟ್ ಮಾಡುವ ತನಕ ಕಾಯಬೇಕಿಲ್ಲ. ಅದರಿಂದ ಗುಣಿಸಿದ ಮೇಲೆ ಎಡಬದಿ (IF·y)' ಆಗಬೇಕು. ನಿಮ್ಮ e^(2x) ಹಾಕಿದರೆ y' ಜೊತೆ ಒಂದು x ಹೆಚ್ಚಾಗಿ ಉಳಿಯುತ್ತದೆ, ಅಲ್ಲೇ ಗೊತ್ತಾಗುತ್ತದೆ. ಪರೀಕ್ಷೆಯ ಲೆಕ್ಕದಲ್ಲಿ ಇಂಟಿಗ್ರಲ್ ಇದ್ದಕ್ಕಿದ್ದಂತೆ ವಿಕಾರವಾದರೆ ಮುಂದೆ ಹೋಗಬೇಡಿ, ಒಂದು ಸಾಲು ಹಿಂದಕ್ಕೆ ನೋಡಿ.

ಈಗ ಪ್ಲಾನ್. ಕೆಲಸ ಇರುವ ದಿನ ಅರ್ಧ ಗಂಟೆ ಸಾಕು. ಹತ್ತು ಲೆಕ್ಕ ತೆಗೆದುಕೊಳ್ಳಿ, ಬಿಡಿಸಬೇಡಿ. ಯಾವ ವಿಧ, ಮೊದಲ ಸಾಲು ಏನು, ಇಷ್ಟೇ ಬರೆಯಿರಿ. ಅಧ್ಯಾಯದ ಪ್ರಕಾರ ಬೇಡ, ಎಲ್ಲಾ ಕಲಸಿ ತೆಗೆಯಿರಿ. ಅಧ್ಯಾಯದ ತಲೆಬರಹ ನೋಡಿ ವಿಧ ಊಹಿಸುವ ಅಭ್ಯಾಸವಾದರೆ ಪ್ರಶ್ನೆಪತ್ರಿಕೆ ಮುಂದೆ ತಬ್ಬಿಬ್ಬಾಗುತ್ತೀರಿ. ಪೂರ್ತಿ ಬಿಡಿಸುವುದು ರಜೆ ದಿನ. ಉತ್ತರವನ್ನು ಸಮೀಕರಣಕ್ಕೆ ವಾಪಸ್ ಹಾಕಿ ನೋಡುವುದೂ ಅದರಲ್ಲೇ ಸೇರಿದೆ. ಮೊದಲ ವಾರ ಫಸ್ಟ್ ಆರ್ಡರ್, ಎರಡನೇ ವಾರ ಸೆಕೆಂಡ್ ಆರ್ಡರ್, ಕೊನೆಯ ರಜೆ ದಿನ ಗಡಿಯಾರ ಇಟ್ಟುಕೊಂಡು ಹಳೆಯ ಪ್ರಶ್ನೆಪತ್ರಿಕೆ.

ಮಧ್ಯಂತರ:
ಸೆಕೆಂಡ್ ಆರ್ಡರ್‌ನಲ್ಲಿ ನಾನು ಮಾರ್ಕ್ಸ್ ಕಳೆದುಕೊಂಡದ್ದು y'' - 3y' + 2y = e^x ತರಹದ ಲೆಕ್ಕದಲ್ಲಿ. ಪಿಐಗೆ A e^x ಹಾಕಿದರೆ ಎಡಬದಿ ಸೊನ್ನೆ ಆಗಿಬಿಡುತ್ತದೆ. A x e^x ಅಂತ ತೆಗೆದುಕೊಂಡರೆ A = -1 ಸಿಗುತ್ತದೆ.

ಬಿಳಿಹಲಗೆ:
ಹೌದು. e^x ಈಗಾಗಲೇ ಸಿಎಫ್ ಒಳಗೆ ಇದೆ, ಅದಕ್ಕೇ x ಬೇಕು. ಸಿಎಫ್ ಬರೆಯದೆ ಪಿಐಗೆ ಕೈ ಹಾಕಬೇಡಿ.

ಹಳೇಪೆನ್:
ಸರಿ, ಆ ಒಂದು ಲೆಕ್ಕದಲ್ಲಿ ನೀವು ಹೇಳಿದ್ದು ಒಪ್ಪುತ್ತೇನೆ. ಆದರೆ y' = y(1-y) ಕೊಟ್ಟರೆ ಪಾರ್ಷಿಯಲ್ ಫ್ರ್ಯಾಕ್ಷನ್ ಬರದೆ ಸೆಪರೇಬಲ್ ಹೇಗೆ ಮುಗಿಸುತ್ತಾರೆ? ಇಂಟಿಗ್ರೇಶನ್‌ಗೆ ಮೂರು ದಿನ ಕೊಡಲೇಬೇಕು.

ಬಿಳಿಹಲಗೆ:
ಪಾರ್ಷಿಯಲ್ ಫ್ರ್ಯಾಕ್ಷನ್‌ಗೆ ಒಂದು ರಜೆ ದಿನದ ಬೆಳಗ್ಗೆ ಸಾಕು. ಮೂರು ದಿನ ಜಾಸ್ತಿ ಆಯ್ತು.

ಕೋಡುಕೋಟೆ:
ಆ ಲೆಕ್ಕದಲ್ಲಿ y = 0, y = 1 ಕೂಡ ಉತ್ತರಗಳೇ, y(1-y) ನಿಂದ ಭಾಗಿಸುವಾಗ ಎರಡೂ ಕಳೆದುಹೋಗುತ್ತವೆ. ನನ್ನ ಗ್ರಾಫ್‌ನಲ್ಲಿ ಎರಡು ಅಡ್ಡಗೆರೆಗಳಾಗಿ ಕಾಣುತ್ತಿವೆ.

ಹಳೇಪೆನ್:
ಮತ್ತೆ ಗ್ರಾಫ್! ಡಿಪ್ಲೊಮಾ ಪೇಪರ್‌ನಲ್ಲಿ ಅದನ್ನು ಯಾರು ಕೇಳುತ್ತಾರೆ?

ಮಧ್ಯಂತರ:
y(0) = 1 ಅಂತ ಕೊಟ್ಟರೆ ಅದೇ ಉತ್ತರ, ಬೇರೆ ಇಲ್ಲ. ಹಾಗೆ ಕೇಳಬಹುದು.

ಸಂಜೆಶಿಫ್ಟ್:
ನಿಂತಿದ್ದ ಬೇರೆ ಲೀನಿಯರ್ ಲೆಕ್ಕಗಳನ್ನೂ ತೆಗೆದು ನೋಡಿದೆ. ಹೆಚ್ಚಿನವುಗಳಲ್ಲಿ ಭಾಗಿಸುವುದೇ ಬಿಟ್ಟುಹೋಗಿದೆ. ಎಕ್ಸಾಕ್ಟ್ ಇನ್ನೂ ಮುಟ್ಟಿಲ್ಲ. ಟೈಮ್ ಸಾಲದಿದ್ದರೆ ಅದನ್ನು ಬಿಡಬಹುದಾ?

ಬಿಳಿಹಲಗೆ:
ಹಳೆಯ ಪೇಪರ್‌ಗಳಲ್ಲಿ ಅದಕ್ಕೆ ಎಷ್ಟು ಮಾರ್ಕ್ಸ್ ಇರುತ್ತದೆ, ಚಾಯ್ಸ್ ಇದೆಯಾ? ಅದನ್ನು ಮೊದಲು ಹೇಳಿ.

ಹಳೇಪೆನ್:
ಬಿಡಬೇಡಿ. ಎಕ್ಸಾಕ್ಟ್ ಅಂದರೆ ಬರೀ ಇಂಟಿಗ್ರೇಶನ್.