ಬ್ಲಾಕ್ ಮಾಡಿದ ರೂಮ್ ಖಾಲಿ ಉಳಿದ್ರೆ ದುಡ್ಡು ಯಾರ ತಲೆಗೆ?

ಮೈಸೂರು ಸೇಲ್ಸ್ ಹುಡುಗ: ಸರ್, ಒಂದು ಕಂಪನಿ ಕಾನ್ಫರೆನ್ಸ್‌ಗೆ 40 ರೂಮ್ 3 ರಾತ್ರಿ ಬ್ಲಾಕ್ ಮಾಡಿದ್ವಿ, ರೇಟು 5,500, ಅಟ್ರಿಷನ್ ಶೇ 20, ಅಂದ್ರೆ ಅಷ್ಟು ರೂಮ್ ಕಮ್ಮಿ ಆದ್ರೂ ದಂಡ ಇಲ್ಲ. ಬಂದಿದ್ದು 34, 32, ಕೊನೇ ರಾತ್ರಿ ಬರೀ 12. ಈಗ ಒಂದು ಪೈಸೆ ಕೊಡಲ್ಲ ಅಂತಾವ್ರೆ.

ಹುಬ್ಬಳ್ಳಿ ಟ್ರಾವೆಲ್ಸ್: ಕಟ್-ಆಫ್ ದಿನ ರೂಮ್ ವಾಪಸ್ ತಗೊಂಡ್ರಲ್ಲ, ಅಲ್ಲಿಗೆ ಲೆಕ್ಕ ಮುಗೀತು. ಮತ್ತೆ ಅಟ್ರಿಷನ್ ದಂಡ ಹಾಕೋದೇ ಕಾನೂನುಬಾಹಿರ ಅಂತ ಒಂದು ಫಾರ್ವರ್ಡ್ ಬಂದಿದೆ, ಹಾಕ್ಲಾ?

ಗ್ರೂಪ್ಸ್ ಮೇಷ್ಟ್ರು: ಹಾಕ್ಬೇಡಿ. ಕಾಂಟ್ರಾಕ್ಟ್ ಆಕ್ಟ್ ಸೆಕ್ಷನ್ 74 ಬರೆದಿಟ್ಟ ಮೊತ್ತದ ಮಿತಿಯೊಳಗೆ ನ್ಯಾಯವಾದ ಪರಿಹಾರ ಕೇಳಬಹುದು ಅನ್ನುತ್ತೆ, ಕೇಳಲೇಬಾರದು ಅನ್ನಲ್ಲ. ಇನ್ನು ಕಟ್-ಆಫ್ ಅಂದ್ರೆ ಹೆಸರು ಬರದ ರೂಮು ಮತ್ತೆ ಮಾರಾಟಕ್ಕೆ ಹೋಗೋ ದಿನ ಅಷ್ಟೇ, ಅವತ್ತು ಅವರ ಹೊಣೆನೂ ಹೋಗುತ್ತೆ ಅಂತ ಬರೆದಿದ್ರೆ ಮಾತ್ರ ಹೋಗೋದು.

ಹುಡುಗಾ, ನನಗೆ ಚಿಂತೆ ಬೇರೆ. ಶೇ 80 ಒಟ್ಟು ಲೆಕ್ಕವಾ, ರಾತ್ರಿ ರಾತ್ರಿಗೂ ಬೇರೆನಾ? ಒಟ್ಟು ಅಂದ್ರೆ 120ಕ್ಕೆ 96 ಬರಬೇಕಿತ್ತು, 78 ಬಂತು, 18 ಕಮ್ಮಿ, 99,000. ರಾತ್ರಿವಾರು ಅಂದ್ರೆ ದಿನಕ್ಕೆ 32 ಸಾಕು, ಮೊದಲೆರಡು ರಾತ್ರಿ ಪಾಸು, ಮೂರನೇದ್ರಲ್ಲಿ 20 ಕಮ್ಮಿ, 1,10,000. ಅವರ ಜನ ಯಾರಾದ್ರೂ ಆ್ಯಪಲ್ಲಿ ಬುಕ್ ಮಾಡಿ ನಮ್ಮಲ್ಲೇ ಉಳಿದಿದ್ರಾ? ಡೆಲಿಗೇಟ್ ಲಿಸ್ಟ್ ಇಟ್ಕೊಂಡು ಒಂದೊಂದೇ ಹೆಸರು ತಾಳೆ ಹಾಕಿ.

ಮದುವೆ ಮನೆ ಅಕ್ಕ: ನಮ್ದು ಡಿಸೆಂಬರ್‌ನಲ್ಲಿ ಮಗಳ ಮದುವೆ, 15 ರೂಮ್, ಅಡ್ವಾನ್ಸ್ ಎಷ್ಟು ಕೊಡ್ಬೇಕು?

ಫ್ರಂಟ್ ಆಫೀಸ್ ಗೌಡ್ರು: ಕಾರ್ಪೊರೇಟ್ ರೇಟು ಕೇಳೋರು ವರ್ಷಕ್ಕೆ 500 ರೂಮ್ ನೈಟ್ ಕೊಡ್ತೀವಿ ಅಂತಾರೆ, ನಂಬೋದಾ?

ಗ್ರೂಪ್ಸ್ ಮೇಷ್ಟ್ರು: ಹೋದ ವರ್ಷ ಎಷ್ಟು ಕೊಟ್ರು ನೋಡಿ. ಎಷ್ಟು ಸಲ ಹೇಳಿದೀನಿ ಇದನ್ನ.

ಮೈಸೂರು ಸೇಲ್ಸ್ ಹುಡುಗ: ತಾಳೆ ಹಾಕ್ದೆ ಸರ್. 6 ಜನ ಮೊದಲೆರಡು ರಾತ್ರಿ ಆ್ಯಪಲ್ಲಿ ಬುಕ್ ಮಾಡವ್ರೆ, ಅಲ್ಲಿ ನಮ್ದೇ ರೂಮು 4,900ಕ್ಕೆ ಇತ್ತಂತೆ.

ಹುಬ್ಬಳ್ಳಿ ಟ್ರಾವೆಲ್ಸ್: ನೋಡಿ! ಗ್ರೂಪ್‌ಗಿಂತ ಕಮ್ಮಿಗೆ ಮಾರ್ಕೊಂಡು ದಂಡ ಬೇರೆ ಕೇಳ್ತಾರೆ.

ಫ್ರಂಟ್ ಆಫೀಸ್ ಗೌಡ್ರು: ನೀವು ಏಜೆಂಟ್ರು 40 ಹೇಳಿ 20 ತರ್ತೀರಲ್ಲ, ಅದು ಸರೀನಾ?

ಹುಬ್ಬಳ್ಳಿ ಟ್ರಾವೆಲ್ಸ್: ನಾನು ಯಾವಾಗ ತಂದೆ? ಬಾಯಿಗೆ ಬಂದಂಗೆ ಮಾತಾಡ್ಬೇಡಿ.

ಗ್ರೂಪ್ಸ್ ಮೇಷ್ಟ್ರು: ಜಗಳ ಹೊರಗಡೆ. ಆ 12 ರೂಮ್ ನೈಟ್ ಅವರ ಖಾತೆಗೆ ಸೇರಿಸಿ. ಒಟ್ಟು ಲೆಕ್ಕದಲ್ಲಿ 90 ಆಯ್ತು, ಉಳಿದಿದ್ದು 6, ಬರೀ 33,000. ರಾತ್ರಿವಾರು ಆದ್ರೆ ಮೂರನೇ ರಾತ್ರಿಯ 20 ಹಂಗೇ ನಿಲ್ಲುತ್ತೆ. ಆ ರಾತ್ರಿ ಹೋಟೆಲ್ ತುಂಬಿತ್ತಾ? ತುಂಬಿದ್ರೆ ನಷ್ಟ ಎಲ್ಲಿ ಬಂತು ಅಂತ ಕೇಳ್ತಾರೆ, ಉತ್ತರ ಇಟ್ಕೊಂಡು ಹೋಗಿ. ಕಟ್-ಆಫ್ ದಿನ ಎಷ್ಟು ರೂಮಿಗೆ ಹೆಸರು ಬಂತು ಅನ್ನೋ ಪಿಕಪ್ ರಿಪೋರ್ಟಲ್ಲೇ ಮೂರನೇ ರಾತ್ರಿ ಬೋಳಾಗಿ ಕಂಡಿರುತ್ತೆ, ಆವಾಗಲೇ ಮೇಲ್ ಹಾಕಿ ಬ್ಲಾಕ್ ಇಳಿಸಿದ್ರೆ ಈ ಗೋಳೇ ಇರ್ತಿರ್ಲಿಲ್ಲ.

ಮೈಸೂರು ಸೇಲ್ಸ್ ಹುಡುಗ: ಅರ್ಧ ಖಾಲಿ ಇತ್ತು ಸರ್. ಆದ್ರೆ ಕಾಂಟ್ರಾಕ್ಟಲ್ಲಿ ‘ಕನಿಷ್ಠ ಶೇ 80’ ಅಂತಷ್ಟೇ ಇದೆ, ಒಟ್ಟು ಅಂತನೂ ಇಲ್ಲ ರಾತ್ರಿ ಅಂತನೂ ಇಲ್ಲ.

ಗ್ರೂಪ್ಸ್ ಮೇಷ್ಟ್ರು: ಬರೆದವ್ರು ಯಾರಪ್ಪಾ ಅದನ್ನ? 1,10,000 ಮರೆತುಬಿಡಿ. 33,000 ಕೇಳಿ, ಮುಂದಿನ ಬುಕಿಂಗ್‌ಗೆ ಅಡ್ಜಸ್ಟ್ ಮಾಡ್ತೀವಿ ಅಂದ್ರೆ ಕೊಟ್ಟಾರು.

ಮದುವೆ ಮನೆ ಅಕ್ಕ: ನನ್ನ ಪ್ರಶ್ನೆ ಯಾರಿಗೂ ಕಾಣ್ತಿಲ್ವಾ?