4.5 ಮೀಟರ್ ಆಳದಲ್ಲಿ ಥ್ರಸ್ಟರ್ ಒಳಗೆ ನೀರು ನುಗ್ಗುತ್ತಿದೆ, ಬಕೆಟ್‌ನಲ್ಲಿ ಏನೂ ಆಗುವುದಿಲ್ಲ

ಮೂಡಿಗೆರೆ ತೋಟ

ಎಲ್ಲರಿಗೂ ನಮಸ್ಕಾರ. ನಮ್ಮ ಕಾಫಿ ತೋಟದ ಕೆರೆಯಲ್ಲಿ ಪಂಪಿನ ಫುಟ್‌ವಾಲ್ವ್ ಸುಮಾರು 4.5 ಮೀಟರ್ ಆಳದಲ್ಲಿದೆ. ಕಳೆದ ಬೇಸಿಗೆಯಲ್ಲಿ ಹೂಮಳೆ ತಡವಾಗಿ ಸ್ಪ್ರಿಂಕ್ಲರ್ ಹಾಕಬೇಕಾದಾಗ ಪಂಪು ಸರಿಯಾಗಿ ನೀರೆಳೆಯಲಿಲ್ಲ. ಜಾಲರಿಗೆ ಏನು ಸಿಕ್ಕಿಕೊಂಡಿದೆ ಎಂದು ನೋಡಲು ಆಳು ಇಳಿಸುವ ಧೈರ್ಯವಾಗದೆ, ನಾನು ಮತ್ತು ನನ್ನ ಅಣ್ಣನ ಮಗ ಸೇರಿ ದಡದಿಂದಲೇ ನಡೆಸಬಹುದಾದ ಒಂದು ಚಿಕ್ಕ ನೀರೊಳಗಿನ ವಾಹನ ಮಾಡಿದ್ದೇವೆ. ಅರ್ಧ ಇಂಚಿನ ಪಿವಿಸಿ ಪೈಪಿನ ಚೌಕಟ್ಟು, ಎಡಬಲಕ್ಕೆ ಒಂದೊಂದು ಮತ್ತು ಮೇಲೆ ಕೆಳಗೆ ಹೋಗಲು ಒಂದು, ಹೀಗೆ ಮೂರು 12 ವೋಲ್ಟ್ ಮೋಟಾರುಗಳು, ಕಾರಿನ ರಿವರ್ಸ್ ಕ್ಯಾಮೆರಾ, 20 ಮೀಟರ್ ಲ್ಯಾನ್ ಕೇಬಲ್. ಬ್ಯಾಟರಿ ಮತ್ತು ಸ್ವಿಚ್ಚುಗಳು ದಡದಲ್ಲಿವೆ.

ಪ್ರತಿ ಮೋಟಾರಿನ ಗಾಳಿರಂಧ್ರಗಳಿಗೆ ಟೇಪ್ ಸುತ್ತಿ, ಅದನ್ನು ಗುಳಿಗೆ ಡಬ್ಬಿಯೊಳಗಿಟ್ಟು, ಸುತ್ತಲೂ ಕರಗಿಸಿದ ಮೇಣದಬತ್ತಿ ಸುರಿದಿದ್ದೇವೆ. ಶಾಫ್ಟ್ ಹೊರಬರುವ ತೂತಿಗೆ ಗ್ರೀಸ್ ತುಂಬಿದೆ. ಬಕೆಟ್‌ನಲ್ಲಿ ಒಂದು ಗಂಟೆ ಓಡಿಸಿದರೂ ಏನೂ ಆಗಲಿಲ್ಲ. ಕೆರೆಯಲ್ಲಿ ಮಾತ್ರ ಹನ್ನೆರಡು ನಿಮಿಷ ಕಳೆಯುವಷ್ಟರಲ್ಲಿ ಮೇಲೆ ಕೆಳಗೆ ಒಯ್ಯುವ ಮೋಟಾರು ನಿಧಾನವಾಗಿ, ಅದು ಎಳೆಯುವ ಕರೆಂಟ್ 1.6 ಆಂಪಿಯರ್‌ನಿಂದ 2.4ಕ್ಕೆ ಏರಿತು. ಮರುದಿನ ಬೆಳಿಗ್ಗೆ ಶಾಫ್ಟ್ ಕೈಯಲ್ಲಿ ತಿರುಗಿಸಿದರೂ ತಿರುಗದಷ್ಟು ಹಿಡಿದಿತ್ತು. ಒಡೆದು ನೋಡಿದಾಗ ಕಂದು ನೀರು ಸುರಿಯಿತು. ಶಾಫ್ಟಿಗೆ ಯಾವ ಸೀಲ್ ಹಾಕಬೇಕು ಎಂದು ತಿಳಿದವರು ದಯವಿಟ್ಟು ಹೇಳಿ.

ಆಲ್ದೂರು ಪ್ಲಾಂಟರ್

ನಮ್ಮಲ್ಲೂ ಎರಡು ವರ್ಷದ ಹಿಂದೆ ಮೋಟಾರಿಗೆ ನೀರು ಹೋಗಿತ್ತು. ರೀವೈಂಡಿಂಗ್ ಮಾಡಿಸಿ ವಾರ್ನಿಷ್ ಕೊಡಿಸಿದ ಮೇಲೆ ತೊಂದರೆ ಬಂದಿಲ್ಲ. ನಿಮ್ಮದು ಎಷ್ಟು ಎಚ್‌ಪಿ?

ಮೂಡಿಗೆರೆ ತೋಟ

ಪಂಪಿನ ಮೋಟಾರಿನ ಮಾತಲ್ಲ ಸರ್, ಅದು ಚೆನ್ನಾಗಿದೆ. ಇದು ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ಮೋಟಾರು.

ಬೇಲೂರು ವೈರಿಂಗ್

ನೀರು ಒಳಗೆ ಹೋಗಿರುವುದು ನಿಜವಿರಬಹುದು, ಆದರೆ ಮೋಟಾರು ನಿಧಾನವಾಗಲು ಕಾರಣ ನಿಮ್ಮ ಕೇಬಲ್. ಲ್ಯಾನ್ ಕೇಬಲ್ಲಿನ ಒಂದು ತಂತಿಗೆ ಮೀಟರಿಗೆ ಸುಮಾರು 0.084 ಓಮ್ ತಡೆ ಇರುತ್ತದೆ. ಹೋಗಲು 20, ಬರಲು 20, ಒಟ್ಟು 40 ಮೀಟರಿಗೆ 3.4 ಓಮ್ ಆಯಿತು. 1.6 ಆಂಪಿಯರ್ ಹರಿಯುವಾಗ ದಾರಿಯಲ್ಲೇ ಐದೂವರೆ ವೋಲ್ಟ್ ಕಳೆದುಹೋಗಿ, ಮೋಟಾರಿಗೆ ತಲುಪುವುದು ಆರೂವರೆ ವೋಲ್ಟ್ ಮಾತ್ರ. 1 ಚದರ ಮಿಲಿಮೀಟರಿನ ತಾಮ್ರದ ತಂತಿ ಹಾಕಿ, ಸಮಸ್ಯೆ ಅಲ್ಲಿಗೆ ಮುಗಿಯುತ್ತದೆ.

ಹಾಸನ ಲೇತ್

ಬೇಲೂರಿನವರ ಲೆಕ್ಕ ಸರಿಯಾಗಿದೆ, ಆ ಕೇಬಲ್ ಬದಲಿಸಿದರೆ ತಳ್ಳುವ ಬಲ ಖಂಡಿತ ಹೆಚ್ಚುತ್ತದೆ. ಆದರೆ ಅದೇ ಕೇಬಲ್ಲಿನಲ್ಲಿ ಬಕೆಟ್‌ನೊಳಗೆ ಒಂದು ಗಂಟೆ ಓಡಿದ ಮೋಟಾರು ಕೆರೆಯಲ್ಲಿ ಹನ್ನೆರಡನೆಯ ನಿಮಿಷಕ್ಕೆ ಸೋತಿದೆ. ಹಾಗಾಗಿ ಈ ರೋಗಕ್ಕೆ ಕೇಬಲ್ಲಿನ ತಡೆ ಕಾರಣವಲ್ಲ. ಎರಡು ಕಡೆಯೂ ಬೇರೆಯಾಗಿದ್ದದ್ದು ಆಳ ಒಂದೇ.

ನಿಮ್ಮ ಮೋಟಾರಿನ ಹೊರಗೆ ಮೇಣವಿದೆ, ಒಳಗೆ ಗಾಳಿ ಇದೆ. ಆ ಗಾತ್ರದ ಮೋಟಾರಿನೊಳಗೆ ಸುಮಾರು 6 ಮಿಲಿಲೀಟರ್ ಗಾಳಿ ಇರಬಹುದು ಎಂದಿಟ್ಟುಕೊಳ್ಳಿ. ನೀರಿನಲ್ಲಿ ಪ್ರತಿ ಮೀಟರ್ ಇಳಿದಂತೆ ಒತ್ತಡ ಸುಮಾರು 0.1 ಬಾರ್ ಹೆಚ್ಚುತ್ತದೆ. ನಮ್ಮ ಮಲೆನಾಡಿನ ಎತ್ತರದಲ್ಲಿ ವಾತಾವರಣದ ಒತ್ತಡವೇ ಸುಮಾರು 0.9 ಬಾರ್. ಹಾಗಾಗಿ 4.5 ಮೀಟರ್ ಆಳದಲ್ಲಿ ಒತ್ತಡ 0.9ರಿಂದ 1.35ಕ್ಕೆ ಏರಿ, ಎಲ್ಲಾದರೂ ಕೂದಲೆಳೆಯಷ್ಟು ದಾರಿ ಇದ್ದರೆ ಒಳಗಿನ ಗಾಳಿ ಮೂರರಲ್ಲಿ ಎರಡು ಪಾಲಿಗೆ ಕುಗ್ಗುವವರೆಗೂ ನೀರು ನುಗ್ಗುತ್ತದೆ. ಅಂದರೆ 2 ಮಿಲಿಲೀಟರ್ ನೀರು. ಬಕೆಟ್ಟಿನ ಒಂದು ಅಡಿ ಆಳದಲ್ಲಿ ಅದೇ ಲೆಕ್ಕ ಮಾಡಿದರೆ 0.2 ಮಿಲಿಲೀಟರ್ ಬರುತ್ತದೆ, ಅದು ನಿಮ್ಮ ಕಣ್ಣಿಗೂ ಬೀಳುವುದಿಲ್ಲ, ಮೋಟಾರಿಗೂ ತಿಳಿಯುವುದಿಲ್ಲ. ಆದ್ದರಿಂದ ಬಕೆಟ್ಟಿನ ಪರೀಕ್ಷೆಯನ್ನು ನಂಬಬೇಡಿ.

ಸೀಲಿನ ವಿಚಾರಕ್ಕೆ ಈಗಲೇ ಹೋಗುವುದು ಬೇಡ. ದಾರಿ ಶಾಫ್ಟಿನದೇ ಎಂದು ನೀವು ಊಹಿಸಿದ್ದೀರಿ, ನೋಡಿಲ್ಲ. ಮೋಟಾರಿನಿಂದ ಬರುವ ತಂತಿ ಬಹು ಎಳೆಯದೋ ಒಂದೇ ಎಳೆಯದೋ? ಅದನ್ನು ಲ್ಯಾನ್ ಕೇಬಲ್ಲಿಗೆ ಎಲ್ಲಿ, ಹೇಗೆ ಜೋಡಿಸಿದ್ದೀರಿ?

ಸಕಲೇಶಪುರ ಏಲಕ್ಕಿ

ನಾನು ಇದೇ ತೊಂದರೆಗೆ ಮೋಟಾರಿನೊಳಗೆ ಕೊಬ್ಬರಿ ಎಣ್ಣೆ ತುಂಬಿದ್ದೆ. ಗಾಳಿಯೇ ಇಲ್ಲದಿದ್ದರೆ ಕುಗ್ಗಲು ಏನೂ ಇರುವುದಿಲ್ಲ ಎಂಬುದು ನನ್ನ ಆಲೋಚನೆಯಾಗಿತ್ತು. ನವೆಂಬರಿನಲ್ಲಿ ಮಧ್ಯಾಹ್ನದ ಹೊತ್ತು ಚೆನ್ನಾಗಿಯೇ ನಡೆಯಿತು. ಡಿಸೆಂಬರಿನ ಒಂದು ಬೆಳಿಗ್ಗೆ ಸ್ವಿಚ್ ಒತ್ತಿದರೆ ಪ್ರೊಪೆಲರ್ ಅಲುಗಲೇ ಇಲ್ಲ. ಅಡುಗೆಮನೆಯ ಬಾಟಲಿಯಲ್ಲಿದ್ದ ಎಣ್ಣೆಯೂ ಬೆಳ್ಳಗೆ ಗಟ್ಟಿಯಾಗಿದ್ದುದನ್ನು ನೋಡಿದ ಮೇಲೆಯೇ ಕಾರಣ ಹೊಳೆದದ್ದು.

ಹಾಸನ ಲೇತ್

ನಿಮ್ಮ ಆಲೋಚನೆ ತಪ್ಪಲ್ಲ, ಎಣ್ಣೆ ತಪ್ಪಾಯಿತು. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗೇ ಹೆಪ್ಪುಗಟ್ಟುತ್ತದೆ. ತೆಳುವಾದ ಖನಿಜ ಎಣ್ಣೆಯಾದರೆ ಹೆಪ್ಪುಗಟ್ಟುವ ಭಯವಿಲ್ಲ. ಆದರೂ ಬ್ರಷ್ ಇರುವ ಮೋಟಾರಿಗೆ ನಾನು ಎಣ್ಣೆ ತುಂಬುವುದಿಲ್ಲ, ಬ್ರಷ್ಷಿನಿಂದ ಸವೆದ ಇಂಗಾಲದ ಪುಡಿ ಎಣ್ಣೆಯಲ್ಲಿ ಕಲೆತು ಕಾಡಿಗೆಯಂತಾಗಿ ಕಮ್ಯುಟೇಟರಿನ ಸಂದುಗಳಲ್ಲಿ ಕೂರುತ್ತದೆ.

ಮೂಡಿಗೆರೆ ತೋಟ

ಮೋಟಾರಿನ ತಂತಿ ಬಹು ಎಳೆಯದು. ಲ್ಯಾನ್ ತಂತಿ ಒಂದೇ ಎಳೆಯದು. ಜೋಡಣೆ ಚೌಕಟ್ಟಿನಲ್ಲೇ ಇದೆ. ಬೆಸೆದು, ಮೇಲೆ ಹೀಟ್ ಶ್ರಿಂಕ್ ಟ್ಯೂಬ್ ಹಾಕಿ, ಇನ್ಸುಲೇಷನ್ ಟೇಪ್ ಬಿಗಿಯಾಗಿ ಸುತ್ತಿದ್ದೇವೆ.

ಹಾಸನ ಲೇತ್

ನನ್ನ ಅನುಮಾನ ಅಲ್ಲಿಯೇ. ಟೇಪ್ ಎಷ್ಟೇ ಬಿಗಿಯಿದ್ದರೂ ನೀರೊಳಗೆ ಸೀಲ್ ಆಗುವುದಿಲ್ಲ, ಒಳಗೆ ಅಂಟಿಲ್ಲದ ಹೀಟ್ ಶ್ರಿಂಕ್ ಕೂಡ ಆಗುವುದಿಲ್ಲ. ಜೋಡಣೆಯೊಳಗೆ ಬಂದ ನೀರು ಎಳೆಗಳ ನಡುವಿನ ಸಂದಿನಲ್ಲಿ, ಪ್ಲಾಸ್ಟಿಕ್ ಹೊದಿಕೆಯ ಒಳಗೇ ಹರಿದು ಮೋಟಾರಿನ ಟರ್ಮಿನಲ್ ತಲುಪುತ್ತದೆ. ಹೊರಗೆ ಎಷ್ಟು ಮೇಣ ಸುರಿದಿದ್ದರೂ ಈ ನೀರಿಗೆ ಅದು ಅಡ್ಡವಾಗುವುದಿಲ್ಲ. ಅಲ್ಲದೆ ಮೇಣದಬತ್ತಿಯ ಮೇಣ ತಣಿಯುವಾಗ ಚೆನ್ನಾಗಿ ಕುಗ್ಗಿ ಮೋಟಾರಿನ ಮೈಯಿಂದ ಬಿಡಿಸಿಕೊಳ್ಳುತ್ತದೆ, ಟರ್ಮಿನಲ್ಲಿನ ಬಳಿ ಅಂತಹ ಸಂದು ಉಳಿದಿದ್ದರೆ ಮುಂದಿನ ದಾರಿ ಸಲೀಸು.

ಎರಡು ಪರೀಕ್ಷೆ ಮಾಡಿ. ಹಾಳಾದ ಮೋಟಾರಿನ ಜಾಗಕ್ಕೆ ಹೊಸದೊಂದನ್ನು ಮೊದಲಿನ ರೀತಿಯಲ್ಲೇ ಕಟ್ಟಿ, ಮೂರನ್ನೂ ಜೋಡಣೆಯ ಸಮೇತ ಬಿಡಿಸಿಕೊಳ್ಳಿ. ಒಣ ಬಟ್ಟೆಯಲ್ಲಿ ಒರೆಸಿ, ಅಕ್ಕಸಾಲಿಗರು ಬಳಸುವಂತಹ ಚಿಕ್ಕ ಡಿಜಿಟಲ್ ತಕ್ಕಡಿಯಲ್ಲಿ ಒಂದೊಂದನ್ನೂ ತೂಗಿ ಬರೆದಿಡಿ. ಓಡಿಸದೆ, ಕಲ್ಲು ಕಟ್ಟಿ ಹಗ್ಗದಲ್ಲಿ ಅದೇ 4.5 ಮೀಟರಿಗೆ ಅರ್ಧ ಗಂಟೆ ಇಳಿಸಿ, ತೆಗೆದು ಒರೆಸಿ ಮತ್ತೆ ತೂಗಿ. ತೂಕ ಹೆಚ್ಚಿದಷ್ಟು ನೀರು ಒಳಗೆ ಹೋಗಿದೆ. ಅನಂತರ ಅವನ್ನು ಒಂದು ದಿನ ಒಣಗಲು ಬಿಟ್ಟು, ಸ್ನಾನದ ಬಿಸಿನೀರಿನಲ್ಲಿ ಜೋಡಣೆಯ ಸಮೇತ ಪೂರ್ತಿ ಮುಳುಗಿಸಿ. ಒಳಗಿನ ಗಾಳಿ ಹಿಗ್ಗಿ ಅರ್ಧ ಮಿಲಿಲೀಟರಿನಷ್ಟು ಹೊರಬರುತ್ತದೆ, ಗುಳ್ಳೆ ಎಲ್ಲಿಂದ ಏಳುತ್ತದೆಯೋ ಅದೇ ದಾರಿ. ಮೇಣ ಮೆತ್ತಗಾಗದಿರಲು ನೀರು 50 ಡಿಗ್ರಿ ಮೀರದಿರಲಿ. ತಣಿಯುವ ಮುನ್ನ ಹೊರತೆಗೆಯಿರಿ, ಇಲ್ಲವಾದರೆ ಅದೇ ದಾರಿಯಲ್ಲಿ ನೀರನ್ನು ಒಳಗೆಳೆದುಕೊಳ್ಳುತ್ತದೆ.

ಮೂಡಿಗೆರೆ ತೋಟ

ನೀವು ಹೇಳಿದಂತೆಯೇ ಮಾಡಿದೆವು. ಎಡಗಡೆಯ ಮೋಟಾರಿನ ತೂಕ ಬದಲಾಗಲಿಲ್ಲ. ಬಲಗಡೆಯದು 0.6 ಗ್ರಾಂ, ಮೇಲೆ ಕೆಳಗೆ ಒಯ್ಯುವುದು 1.9 ಗ್ರಾಂ ಹೆಚ್ಚಿತ್ತು. ಬಿಸಿನೀರಿಗೆ ಹಾಕಿದಾಗ ನಾವಿಬ್ಬರೂ ಶಾಫ್ಟನ್ನೇ ನೋಡುತ್ತಾ ಕುಳಿತಿದ್ದೆವು, ಅಲ್ಲಿ ಒಂದು ಗುಳ್ಳೆಯೂ ಏಳಲಿಲ್ಲ. ಹುಡುಗನೇ ಮೊದಲು ಗಮನಿಸಿದ್ದು: ಒಂದು ಗೇಣು ದೂರದಲ್ಲಿದ್ದ ಟೇಪಿನ ಅಂಚಿನಿಂದ ಸಾಸಿವೆ ಕಾಳಿನಷ್ಟು ಚಿಕ್ಕ ಗುಳ್ಳೆಗಳು ಒಂದರ ಹಿಂದೊಂದು ಸಾಲಾಗಿ ಏಳುತ್ತಿದ್ದವು. ತಂತಿಯನ್ನು ಕತ್ತರಿಸಿ ಹೊದಿಕೆ ಸೀಳಿದರೆ ತಾಮ್ರದ ಎಳೆಗಳ ಹೊಳಪು ಹೋಗಿ ಕಪ್ಪಾಗಿದ್ದವು. ಈಗ ಇದನ್ನು ತಡೆಯುವುದು ಹೇಗೆ?

ಹಾಸನ ಲೇತ್

ಮೋಟಾರಿನ ಹತ್ತಿರ ಪ್ರತಿ ತಂತಿಯ ಹೊದಿಕೆಯನ್ನು ಒಂದೂವರೆ ಸೆಂಟಿಮೀಟರಿನಷ್ಟು ಸುಲಿದು, ತಾಮ್ರಕ್ಕೆ ಫ್ಲಕ್ಸ್ ಹಚ್ಚಿ, ಸೀಸ ಎಳೆಗಳ ನಡುವೆ ಪೂರ್ತಿ ಇಳಿದು ಒಂದೇ ಕಡ್ಡಿಯಂತಾಗುವವರೆಗೆ ಕಾಯಿಸಿ. ಮೇಲೆ ಮಾತ್ರ ಸೀಸ ಹತ್ತಿದರೆ ಪ್ರಯೋಜನವಿಲ್ಲ, ನಡುವೆ ಸಂದು ಉಳಿಯುತ್ತದೆ. ಎರಡು ತಂತಿಗಳ ಬರಿಯ ಭಾಗಗಳು ಒಂದಕ್ಕೊಂದು ತಾಗದಂತೆ ಮೇಲೆ ಕೆಳಗೆ ಸರಿಸಿ, ಒಂದು ಚಿಕ್ಕ ಪೈಪಿನ ತುಂಡಿನೊಳಗೆ ಇಟ್ಟು, ಆ ಭಾಗ ಪೂರ್ತಿ ಮುಚ್ಚುವಂತೆ ಎಪಾಕ್ಸಿ ಸುರಿಯಿರಿ. ಹೊದಿಕೆಯ ಪ್ಲಾಸ್ಟಿಕ್ಕಿಗೆ ಎಪಾಕ್ಸಿ ಗಟ್ಟಿಯಾಗಿ ಹಿಡಿಯುವುದಿಲ್ಲ, ಬರಿಯ ತಾಮ್ರಕ್ಕೆ ಹಿಡಿಯುತ್ತದೆ. ನೀರು ನಿಲ್ಲುವುದು ಆ ತಾಮ್ರದ ಮೇಲೆಯೇ, ಆದ್ದರಿಂದ ಸುಲಿಯದೆ ಸುರಿಯಬೇಡಿ. ಐದು ನಿಮಿಷಕ್ಕೆ ಗಟ್ಟಿಯಾಗುವುದಕ್ಕಿಂತ ನಿಧಾನವಾಗಿ ಗಟ್ಟಿಯಾಗುವ ಎಪಾಕ್ಸಿಯೇ ಒಳ್ಳೆಯದು, ಅದು ಮೂಲೆಮೂಲೆಗೂ ಹರಿಯುತ್ತದೆ.

ಮೇಣದ ಬದಲಿಗೆ ನಾನು ಬಳಸುವುದು ಮೂರು ಪಾಲು ಜೇನುಮೇಣ, ಒಂದು ಪಾಲು ಪೆಟ್ರೋಲಿಯಂ ಜೆಲ್ಲಿ. ಕುದಿಯುವ ನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಕರಗಿಸಿ, ನೇರ ಉರಿಯಲ್ಲಿ ಬೇಡ. ಒಂದೇ ಸಲ ತುಂಬದೆ ಮೂರು ಸಲಕ್ಕೆ ಸುರಿದರೆ, ಪ್ರತಿ ಸಲ ಕುಗ್ಗಿದ ಜಾಗವನ್ನು ಮುಂದಿನ ಸುರಿತ ತುಂಬುತ್ತದೆ. ಇನ್ನೊಂದು ಮಾತು, ವಾಹನ ಇಳಿಸುವಾಗ ಪಂಪಿನ ಮೇನ್ ಸ್ವಿಚ್ ತೆಗೆದಿಡಿ. ಫುಟ್‌ವಾಲ್ವ್ ಎಳೆಯುತ್ತಿರುವಾಗ ಹತ್ತಿರ ಹೋದರೆ ಕೇಬಲ್ಲನ್ನು ಜಾಲರಿಗೆ ಎಳೆದುಕೊಳ್ಳುತ್ತದೆ.

ಮೂಡಿಗೆರೆ ತೋಟ

ಎರಡು ವಾರದ ಮೇಲೆ ಬರೆಯುತ್ತಿದ್ದೇನೆ. ಮೂರೂ ಮೋಟಾರುಗಳನ್ನು ಹೊಸದಾಗಿ ಕಟ್ಟಿದೆವು. ಓಡಿಸದೆ ಅರ್ಧ ಗಂಟೆ ಇಳಿಸಿದಾಗ ಯಾವುದರ ತೂಕವೂ ಹೆಚ್ಚಲಿಲ್ಲ. ಬೇಲೂರಿನವರ ಮಾತಿನಂತೆ ಮೋಟಾರುಗಳಿಗೆ 1 ಚದರ ಮಿಲಿಮೀಟರಿನ ತಂತಿ ಹಾಕಿದ್ದರಿಂದ ತಳ್ಳುವ ಬಲವೂ ಎದ್ದು ಕಾಣುವಷ್ಟು ಹೆಚ್ಚಿದೆ. ಫುಟ್‌ವಾಲ್ವ್ ಕೊನೆಗೂ ಕಂಡಿತು. ಜಾಲರಿಯ ಅರ್ಧಕ್ಕಿಂತ ಹೆಚ್ಚು ಭಾಗಕ್ಕೆ ಸಿಲ್ವರ್ ಓಕ್ ಎಲೆಗಳು ಚಾಪೆಯಂತೆ ಅಂಟಿಕೊಂಡಿದ್ದವು.

ಆದರೆ ಇಪ್ಪತ್ತು ನಿಮಿಷ ಓಡಿಸಿ ತೂಗಿದಾಗ ಮೇಲೆ ಕೆಳಗೆ ಒಯ್ಯುವ ಮೋಟಾರು 0.3 ಗ್ರಾಂ ಹೆಚ್ಚಿತ್ತು. ತಳದ ಹೂಳು ಎದ್ದ ನೀರಿನಲ್ಲಿ ಅದೇ ಹೆಚ್ಚು ಓಡಿದ್ದು.

ಹಾಸನ ಲೇತ್

ನಿಂತಿರುವಾಗ ಬಾರದೆ ಓಡುವಾಗ ಮಾತ್ರ ಬಂದರೆ ಅದು ಶಾಫ್ಟಿನ ದಾರಿಯೇ. ಈಗ ನಿಮ್ಮ ಮೊದಲ ಪ್ರಶ್ನೆಗೆ ಅರ್ಥ ಬಂತು. ತುಟಿಯಿರುವ ಚಿಕ್ಕ ಆಯಿಲ್ ಸೀಲ್ ಹಾಕಿ, ಅದರ ಹಿಂದೆ ಗ್ರೀಸ್ ತುಂಬಿ ನೋಡಿ.

ಸಕಲೇಶಪುರ ಏಲಕ್ಕಿ

ನಾನು ಅಂತಹ ಸೀಲ್ ಹಾಕಿದಾಗ ಅದರ ಹಿಡಿತಕ್ಕೇ ಕರೆಂಟ್ ಅರ್ಧ ಆಂಪಿಯರ್ ಹೆಚ್ಚಾಗಿ ಮೋಟಾರು ಬಿಸಿಯಾಗುತ್ತಿತ್ತು. ಒಂದೂವರೆ ಇಂಚು ಉದ್ದದ ಹಿತ್ತಾಳೆ ಕೊಳವೆಯಲ್ಲಿ ಗ್ರೀಸ್ ತುಂಬಿ ಅದರೊಳಗಿಂದ ಶಾಫ್ಟ್ ತಂದರೆ ಸಾಕೆನಿಸುತ್ತದೆ, ಪ್ರತಿ ಸಲ ಇಳಿಸುವ ಮುನ್ನ ಗ್ರೀಸ್ ಮತ್ತೆ ತುಂಬಬೇಕಾಗುತ್ತದೆ ಅಷ್ಟೆ.

ಹಾಸನ ಲೇತ್

ಸಣ್ಣ ಮೋಟಾರಿಗೆ ಸೀಲಿನ ಹಿಡಿತ ಭಾರವಾಗುವುದು ನಿಜ. ಆದರೆ ಹೂಳಿನ ನೀರಿನಲ್ಲಿ ಗ್ರೀಸಿಗೆ ಮರಳು ಹತ್ತಿ ಶಾಫ್ಟ್ ಸವೆಯುವುದನ್ನೂ ನಾನು ಕಂಡಿದ್ದೇನೆ.

ಮೂಡಿಗೆರೆ ತೋಟ

ಹಾಗಾದರೆ ಬಲಗಡೆಯದಕ್ಕೆ ಸೀಲ್, ಮೇಲೆ ಕೆಳಗೆ ಒಯ್ಯುವುದಕ್ಕೆ ಹಿತ್ತಾಳೆ ಕೊಳವೆ ಹಾಕಿ, ಎಡಗಡೆಯದನ್ನು ಈಗಿರುವಂತೆಯೇ ಬಿಟ್ಟು, ಎಲೆ ತೆಗೆಯಲು ಇಳಿಸಿದಾಗಲೆಲ್ಲ ಮೂರನ್ನೂ ತೂಗಿ ಇಲ್ಲಿ ಬರೆಯುತ್ತೇನೆ.