ಮಸುಕು ಫೋಟೊದ ಹಕ್ಕಿ: ಕೊಕ್ಕರೆಯೋ, ಬೆಳ್ಳಕ್ಕಿಯೋ, ಬಕವೋ?

ಕೇಳಿದವರು: ಕೆ. ಆರ್., ಮಂಡ್ಯ ಕಡೆಯ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ನಮ್ಮ ಶಾಲೆಯ ಮಕ್ಕಳು ಊರಿನ ಕೆರೆ ಬಗ್ಗೆ ಒಂದು ಪುಟ್ಟ ಪುಸ್ತಕ ಮಾಡುತ್ತಿದ್ದಾರೆ. ಅದರಲ್ಲಿ ಒಂದು ಫೋಟೊಗೆ ಹೆಸರು ಬರೆಯಬೇಕು. ಎಂಟನೇ ಕ್ಲಾಸಿನ ಹುಡುಗ ಕೆರೆ ಏರಿ ಮೇಲೆ ನಿಂತು ಮೊಬೈಲಿನಲ್ಲಿ ಪೂರ್ತಿ ಜೂಮ್ ಮಾಡಿ ತೆಗೆದದ್ದು, ಹಾಗಾಗಿ ತುಂಬಾ ಮಸುಕು. ಇಲ್ಲಿಗೆ ಫೋಟೊ ಹೋಗುವುದಿಲ್ಲವಲ್ಲ, ಕಂಡದ್ದನ್ನು ಹೇಳುತ್ತೇನೆ.

ಕೊಯ್ಲಾದ ಗದ್ದೆಯ ಅಂಚು, ಮೊಣಕಾಲಿಗಿಂತ ಕಡಿಮೆ ನೀರು. ಹಕ್ಕಿ ಬಿಳಿಗೆ ಹತ್ತಿರದ ಬೂದು. ಹಿಂಭಾಗದಲ್ಲಿ, ಬಾಲದ ಹತ್ತಿರ, ಕಪ್ಪಗೆ ಒಂದು ಪಟ್ಟೆ. ತಲೆಯ ಬಣ್ಣವೂ ಮೈಬಣ್ಣವೇ. ಕೊಕ್ಕು ಉದ್ದ, ಬುಡದಲ್ಲಿ ದಪ್ಪ, ನೀರಿನ ಕಡೆ ಬಾಗಿದೆ. ಎಡಕ್ಕೆ ಒಂದು ಎಮ್ಮೆ, ಅದರ ಪಕ್ಕ ಎರಡು ಸಣ್ಣ ಬಿಳಿ ಹಕ್ಕಿ. ಅವು ದನದ ಹಿಂದೆ ತಿರುಗುವ ಗೋವಕ್ಕಿ ಅಂತ ಮಕ್ಕಳೇ ಹೇಳಿದರು.

ನನ್ನ ಪ್ರಶ್ನೆ ಪದದ್ದು. ನಮ್ಮಜ್ಜಿ ಇಂಥವನ್ನೆಲ್ಲ ಒಟ್ಟಿಗೆ ಕೊಕ್ಕರೆ ಅನ್ನುತ್ತಿದ್ದರು. ಕಥೆಗಳಲ್ಲಿ ಇದೇ ಥರದ್ದು ಬಕ. ಇನ್ನು ಕೆಲವರು ಬೆಳ್ಳಕ್ಕಿ ಅಂದರು. ಫೋಟೊ ಕೆಳಗೆ ಯಾವುದನ್ನು ಬರೆದರೆ ತಪ್ಪಾಗುವುದಿಲ್ಲ?

ಎಸ್. ವಿ., ಶಿವಮೊಗ್ಗ

ಮೇಷ್ಟ್ರೇ, ಇದರಲ್ಲಿ ಯೋಚನೆ ಮಾಡುವುದೇನಿದೆ? ಬಿಳಿ, ಉದ್ದ ಕೊಕ್ಕು, ಗದ್ದೆ, ಪಕ್ಕದಲ್ಲಿ ಎಮ್ಮೆ. ಬೆಳ್ಳಕ್ಕಿ ಅಂತ ಬರೆಯಿರಿ. ಬಿಳಿ ಹಕ್ಕಿಯೇ ಬೆಳ್ಳಕ್ಕಿ ಅಲ್ವಾ? ಹಿಂದಿನ ಕಪ್ಪು ಸುಮ್ನೆ ನೆರಳಿರಬೇಕು. ಮೊಬೈಲ್ ಫೋಟೊದಲ್ಲಿ ನೆರಳು ಹಾಗೇ ಬೀಳುತ್ತದೆ. ಇನ್ನೊಂದು: ಹಾರುವಾಗ ಬೆಳ್ಳಕ್ಕಿಯೂ ಬಕವೂ ಕತ್ತನ್ನು ಇಂಗ್ಲಿಷಿನ ಎಸ್ ಅಕ್ಷರದ ಹಾಗೆ ಮಡಚಿಕೊಳ್ಳುತ್ತವೆ, ಕೊಕ್ಕರೆ ಮಡಚುವುದಿಲ್ಲ. ಅದನ್ನೊಮ್ಮೆ ನೋಡಿ.

ಎನ್. ಜಿ., ಮೈಸೂರು

ಎಸ್. ವಿ. ಅವರ ಕೊನೆಯ ಮಾತು ಸರಿ, ಮೊದಲನೆಯದು ಅಷ್ಟು ಸರಿಯಲ್ಲ. ಮಸುಕು ಫೋಟೊದಲ್ಲಿ ಮೊದಲು ಮೋಸ ಮಾಡುವುದೇ ಬಿಳಿ ಬಣ್ಣ. ಬಿಸಿಲಲ್ಲಿ ತಿಳಿ ಬೂದು ಕೂಡ ಬೆಳ್ಳಗೆ ಹೊಳೆಯುತ್ತದೆ. ಅದಕ್ಕೇ ನಾನು ಬಣ್ಣವನ್ನು ಕೊನೆಗೆ ಇಟ್ಟುಕೊಳ್ಳುತ್ತೇನೆ. ಕೊಕ್ಕು, ನಿಲುವು, ಅಳತೆ, ಜಾಗ ಮೊದಲು.

ಕೊಕ್ಕಿನಿಂದ ಶುರು ಮಾಡೋಣ. ಬೆಳ್ಳಕ್ಕಿಯ ಕೊಕ್ಕು ಚೂರಿಯಂತೆ ಸಣ್ಣ, ನೇರ. ಮಸುಕಿನಲ್ಲಿ ಸಣ್ಣ ವಸ್ತುವೇ ಮೊದಲು ಮಾಯವಾಗುವುದು, ಅಂಚು ಕರಗಿ ಹಿನ್ನೆಲೆಯಲ್ಲಿ ಸೇರಿಹೋಗುತ್ತದೆ. ಇಷ್ಟು ಹಾಳಾದ ಫೋಟೊದಲ್ಲೂ ಕೊಕ್ಕಿನ ಬುಡ ದಪ್ಪ ಅಂತ ಕಂಡಿದೆ ಅಂದರೆ ಅದು ನಿಜಕ್ಕೂ ದಪ್ಪ ಇರಬಹುದು. ಆದರೆ ಒಂದು ಪರೀಕ್ಷೆ ಮಾಡಿ. ಕೈ ಅಲುಗಿದ್ದರೆ ಫೋಟೊದಲ್ಲಿರುವ ಎಲ್ಲವೂ ಒಂದೇ ದಿಕ್ಕಿಗೆ ಜೋಡಿಯಾಗಿ ಕಾಣುತ್ತದೆ. ಭತ್ತದ ಕೂಳೆ, ಎಮ್ಮೆ ಕೊಂಬು ನೋಡಿ. ಅವೂ ಎರಡೆರಡಾಗಿದ್ದರೆ ಕೊಕ್ಕಿನ ದಪ್ಪವನ್ನು ನಂಬಬೇಡಿ. ಅವು ಸರಿಯಿದ್ದು ಹಕ್ಕಿಯ ತಲೆ ಮಾತ್ರ ಎಳೆದಂತಿದ್ದರೆ ಆಗ ತಲೆ ಆಡಿಸುತ್ತಿತ್ತು ಅಂತ.

ತಲೆ ಮೈಬಣ್ಣದ್ದೇ ಅಂದಿರಿ. ಅದರಿಂದ ಬಿಳಿ ಕೆಂಬರಲು ಅನ್ನುವ ಹಕ್ಕಿ ಹೊರಗೆ ಹೋಯಿತು, ಅದರ ತಲೆ ಕತ್ತು ಬೋಳು, ಕರಿ. ಎಷ್ಟೇ ಮಸುಕಾದರೂ ಬಿಳಿ ಮೈ ಮೇಲೆ ಕರಿ ತಲೆ ಕಾಣುತ್ತದೆ. ಅದರ ಕೊಕ್ಕು ಕುಡುಗೋಲಿನ ಹಾಗೆ ಕೆಳಕ್ಕೆ ಬಾಗಿರುತ್ತದೆ ಕೂಡ. ಚಮಚದ ಕೊಕ್ಕು ಅನ್ನುವ ಹಕ್ಕಿಯೂ ಅಲ್ಲ. ಅದರ ಕೊಕ್ಕಿನ ತುದಿ ಅಗಲ, ಬುಡವಲ್ಲ, ಮತ್ತು ಅದು ನೀರಲ್ಲಿ ಪಕ್ಕದಿಂದ ಪಕ್ಕಕ್ಕೆ ಬೀಸುತ್ತದೆ.

ಇನ್ನು ಆ ಕಪ್ಪು. ನೆರಳಾದರೆ ಹೊಟ್ಟೆ ಕೆಳಗೆ ಬೀಳಬೇಕು, ಬಾಲದ ಹತ್ತಿರ ಪಟ್ಟೆಯಾಗಿ ಅಲ್ಲ. ರೆಕ್ಕೆ ಮಡಚಿ ನಿಂತ ಹಕ್ಕಿಯ ಹಾರುವ ಗರಿಗಳ ತುದಿ ಅಲ್ಲೇ ಬಂದು ಸೇರುವುದು. ಬೆಳ್ಳಕ್ಕಿಗೆ ಆ ಜಾಗದಲ್ಲಿ ಕಪ್ಪು ಇಲ್ಲ. ಬಾಯ್ಕಳಕ ಅನ್ನುವ ಕೊಕ್ಕರೆಗೆ ಇದೆ, ರೆಕ್ಕೆಯ ಹಾರುವ ಗರಿಯೂ ಬಾಲವೂ ಕಪ್ಪು, ಉಳಿದ ಮೈ ಬೂದು ಬಿಳಿ. ಕೊಕ್ಕು ತಗ್ಗಿಸಿ ಕೆಸರಲ್ಲಿ ತಡಕುವುದೂ ಅದರದೇ ನಿಲುವು. ಬೆಳ್ಳಕ್ಕಿ ಹೆಚ್ಚಾಗಿ ಕಣ್ಣಿನಿಂದ ಬೇಟೆಯಾಡುತ್ತದೆ, ಅಲುಗದೆ ನಿಂತು ಸಟ್ಟನೆ ಕುಕ್ಕುತ್ತದೆ. ನಿಮ್ಮ ಹಕ್ಕಿ ನನ್ನ ಕಣ್ಣಿಗೆ ಬಾಯ್ಕಳಕದ ಹಾಗೇ ಕಾಣುತ್ತಿದೆ.

ಅಳತೆಗೆ ಗೋವಕ್ಕಿ ಸಿಕ್ಕಿದ್ದು ಒಳ್ಳೆಯದು. ಗೋವಕ್ಕಿ ಸುಮಾರು 50 ಸೆಂ.ಮೀ. ಉದ್ದದ ಹಕ್ಕಿ, ಬಾಯ್ಕಳಕ ನಿಂತರೆ ಸುಮಾರು 68. ಅಂದರೆ ಒಂದೂವರೆಗಿಂತ ಸ್ವಲ್ಪ ಕಮ್ಮಿ ಕಾಣಬೇಕು, ಎರಡರಷ್ಟು ಅಲ್ಲ. ಆದರೆ ಅಳೆಯುವ ಮೊದಲು ಎರಡೂ ಒಂದೇ ದೂರದಲ್ಲಿವೆಯೇ ನೋಡಿ. ಜೂಮ್ ಮಾಡಿದ ಫೋಟೊದಲ್ಲಿ ದೂರ ಹತ್ತಿರ ಒತ್ತಿಕೊಂಡು ಕಾಣುತ್ತದೆ, ಹತ್ತು ಮೀಟರ್ ಹಿಂದಿನದೂ ಪಕ್ಕದಲ್ಲೇ ಇದ್ದಂತೆ ಅನಿಸುತ್ತದೆ. ಕಾಲು ನೀರಿಗೆ ಮುಟ್ಟುವ ಗೆರೆ ನೋಡಿ. ಫೋಟೊದಲ್ಲಿ ಆ ಗೆರೆ ಒಂದೇ ಎತ್ತರದಲ್ಲಿದ್ದರೆ ದೂರವೂ ಸುಮಾರು ಒಂದೇ.

ಟಿ. ಎಸ್., ತುಮಕೂರು

ಚೆನ್ನಾಗಿದೆ ಚರ್ಚೆ. ಕೊಕ್ಕರೆಬೆಳ್ಳೂರು ಇರುವುದು ಮದ್ದೂರು ತಾಲ್ಲೂಕಿನಲ್ಲಿ, ಅಲ್ಲಿ ಗೂಡು ಕಟ್ಟುವುದು ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆ. ಮೇಷ್ಟ್ರು ಕೇಳಿದ್ದು ಆ ಊರಿನ ಹೆಸರಿನ ಬಗ್ಗೆ ಅಂದುಕೊಂಡಿದ್ದೆ, ಅದಕ್ಕೆ ಉತ್ತರ ಸಿಕ್ಕಿತು ಅಂತ ಅಂದುಕೊಳ್ಳುತ್ತೇನೆ.

ನನ್ನದೂ ಒಂದು ಇದೆ. ನಮ್ಮ ತೋಟದ ಬಾವಿ ಪಕ್ಕದ ಒಣ ಮರದಲ್ಲಿ ಕಪ್ಪು ಹಕ್ಕಿಯೊಂದು ಎರಡೂ ರೆಕ್ಕೆ ಬಿಡಿಸಿ ಕೂತಿತ್ತು, ಶರ್ಟು ಒಣಗಿಸಿದ ಹಾಗೆ. ಫೋಟೊ ಎಂದರೆ ಬರೀ ಕಪ್ಪು ಕಲೆ. ನೀರುಕಾಗೆ ಅಂತ ಬರೆದಿಟ್ಟೆ. ಸರಿ ತಾನೇ?

ಎನ್. ಜಿ., ಮೈಸೂರು

ಟಿ. ಎಸ್. ಸರ್, ಆ ಭಂಗಿ ಒಂದರಿಂದಲೇ ಹೇಳಲು ಆಗದು. ನೀರುಕಾಗೆಯೂ ಹಾವಕ್ಕಿಯೂ ಇಬ್ಬರೂ ಹಾಗೆ ರೆಕ್ಕೆ ಒಣಗಿಸುತ್ತಾರೆ. ಕೊಕ್ಕಿನ ತುದಿ ಕೊಕ್ಕೆಯಾಗಿದ್ದರೆ ನೀರುಕಾಗೆ, ಕತ್ತು ಹಾವಿನಂತೆ ಸಣ್ಣಗೆ ಉದ್ದವಾಗಿದ್ದು ಕೊಕ್ಕು ಚೂಪಾಗಿ ಕೊನೆಯಾದರೆ ಹಾವಕ್ಕಿ. ಕಲೆಯಲ್ಲಿ ಇವೆರಡೂ ಕಾಣುತ್ತಿಲ್ಲವಾದರೆ ಹೆಸರನ್ನು ಪೆನ್ಸಿಲಿನಲ್ಲಿ ಬರೆದಿಡಿ.

ಪಿ. ಎಂ., ಸಾಗರ

ಬಾಯ್ಕಳಕ ಅನ್ನುವುದನ್ನು ಯಾರಾದರೂ ಬಿಡಿಸುತ್ತೀರಾ ಅಂತ ನೋಡುತ್ತಿದ್ದೆ. ನಮ್ಮ ಕಡೆ ಮಗುವಿಗೆ ಊಟ ಮಾಡಿಸುವಾಗ ಬಾಯಿ ಕಳೆ ಅನ್ನುತ್ತೇವೆ, ಬಾಯಿ ತೆರೆ ಅಂತ. ಬಾಯಿ ತೆರೆದಿಟ್ಟದ್ದು ಬಾಯ್ಕಳಕ. ಕೊಕ್ಕಿನ ಎರಡು ಭಾಗ ತುದಿಯಲ್ಲಿ ಮಾತ್ರ ಸೇರಿ ನಡುವೆ ಸಂದು ಇರುತ್ತದೆ ಅಂತ ಓದಿದ್ದೇನೆ.

ಆದರೆ ನನಗೊಂದು ತೊಡಕು. ಮೇಷ್ಟ್ರ ಫೋಟೊದಲ್ಲಿ ಸಂದು ಕಾಣುತ್ತಿದೆ ಅಂತ ಯಾರೂ ಹೇಳಿಲ್ಲ. ಯಾವ ಗುರುತಿನಿಂದ ಹೆಸರು ಬಂದಿದೆಯೋ ಅದೇ ಕಾಣದಿದ್ದಾಗ ಆ ಹೆಸರು ಬರೆಯುವುದು ಹೇಗೆ?

ಎನ್. ಜಿ., ಮೈಸೂರು

ಒಳ್ಳೆಯ ಪ್ರಶ್ನೆ ಮೇಡಂ. ಸಂದು ಕಂಡರೆ ಗಟ್ಟಿ. ಕಾಣದಿದ್ದರೆ ಅಲ್ಲ ಅಂತ ಆಗುವುದಿಲ್ಲ. ಮರಿಗಳಿಗೆ ಸಂದು ಇರುವುದೇ ಇಲ್ಲ, ದೊಡ್ಡವಾದ ಮೇಲೆ ಬರುತ್ತದೆ. ಇನ್ನು ಇಂಥ ಫೋಟೊದಲ್ಲಿ ಅಷ್ಟು ಸಣ್ಣ ಸಂದು ಮುಚ್ಚಿಹೋಗುವುದು ಸಹಜ. ತಿರುಗುಮುರುಗಾಗಿಯೂ ಆಗುತ್ತದೆ: ಕೈ ಅಲುಗಿ ಕೊಕ್ಕು ಜೋಡಿಯಾದರೆ ನಡುವೆ ಇಲ್ಲದ ಸಂದು ಹುಟ್ಟಿಕೊಳ್ಳುತ್ತದೆ. ಅದಕ್ಕೇ ಮೊದಲು ಕೂಳೆ ನೋಡಿ ಅಂದದ್ದು.

ನನಗೆ ಇನ್ನೂ ಉಳಿದಿರುವ ಅನುಮಾನ ಬೇರೆ. ಚಳಿಗಾಲದಲ್ಲಿ ಯುರೋಪು, ಮಧ್ಯ ಏಷ್ಯಾ ಕಡೆಯಿಂದ ಬಿಳಿ ಕೊಕ್ಕರೆ ನಮ್ಮ ಕಡೆಗೂ ಬರುತ್ತದೆ, ಅಪರೂಪಕ್ಕೆ. ಅದಕ್ಕೂ ರೆಕ್ಕೆಯ ತುದಿ ಕಪ್ಪು. ಅದು ಸುಮಾರು ಒಂದು ಮೀಟರ್ ಎತ್ತರ, ಗೋವಕ್ಕಿಯ ಎರಡರಷ್ಟು. ದೊಡ್ಡ ಹಕ್ಕಿಯ ಕೊಕ್ಕು ಕಾಲು ಕೆಂಪು, ಕೆಂಪು ಮಸುಕಿನಲ್ಲೂ ಬಾಡುವುದು ಕಮ್ಮಿ. ಮೇಷ್ಟ್ರೇ, ಕೆಂಪು ಏನಾದರೂ ಕಂಡಿತೇ? ಇನ್ನೂ ಫೋಟೊಗಳಿದ್ದರೆ ಹುಡುಗನನ್ನು ಕೇಳಿ. ಹಾರುವ ಫೋಟೊ ಇದ್ದರೆ ಚಿನ್ನ.

ಕೆ. ಆರ್., ಮಂಡ್ಯ ಕಡೆಯ ಮೇಷ್ಟ್ರು

ಹುಡುಗನ ಮೊಬೈಲಿನಲ್ಲಿ ಇನ್ನೊಂದು ಸಿಕ್ಕಿತು. ಹಕ್ಕಿ ನೀರಿನಿಂದ ಎದ್ದ ಕ್ಷಣ, ಕತ್ತು ಮುಂದಕ್ಕೆ ಚಾಚಿದೆ, ಕಾಲು ಹಿಂದಕ್ಕೆ. ರೆಕ್ಕೆಯ ಹಿಂದಿನ ಅಂಚು ಕಪ್ಪು. ಕೆಂಪು ಎಲ್ಲೂ ಇಲ್ಲ, ಕೊಕ್ಕು ಮಣ್ಣಿನ ಬಣ್ಣ. ಕೂಳೆ ಸರಿಯಾಗೇ ಇದೆ, ಜೋಡಿಯಾಗಿಲ್ಲ. ಮೊದಲ ಫೋಟೊದಲ್ಲಿ ಅಳೆದು ನೋಡಿದೆ, ನೀರಿನ ಗೆರೆ ಒಂದೇ ಎತ್ತರದಲ್ಲಿದೆ, ಹಕ್ಕಿ ಗೋವಕ್ಕಿಗಿಂತ ಸುಮಾರು ಒಂದೂಕಾಲು ಪಟ್ಟು. ಕತ್ತು ಬಾಗಿದ್ದರಿಂದ ಇನ್ನೂ ಸ್ವಲ್ಪ ಜಾಸ್ತಿ ಇರಬಹುದು.

ಎಸ್. ವಿ., ಶಿವಮೊಗ್ಗ

ಕತ್ತು ಚಾಚಿದೆಯಾದರೆ ಬೆಳ್ಳಕ್ಕಿ ಅಲ್ಲ, ಒಪ್ಪಿದೆ.

ಎನ್. ಜಿ., ಮೈಸೂರು

ಅಷ್ಟು ಬೇಗ ಒಪ್ಪಬೇಡಿ ಸರ್! ಬೆಳ್ಳಕ್ಕಿಯೂ ಎದ್ದ ಕೂಡಲೇ ಕತ್ತು ಚಾಚಿಕೊಂಡೇ ಇರುತ್ತದೆ, ಸ್ವಲ್ಪ ದೂರ ಹೋದ ಮೇಲೆ ಮಡಚುತ್ತದೆ. ಇದು ಎದ್ದ ಕ್ಷಣದ ಫೋಟೊ, ಹಾಗಾಗಿ ಕತ್ತಿಗೆ ಪೂರ್ತಿ ಅಂಕ ಕೊಡಲಾರೆ. ರೆಕ್ಕೆಯ ಕಪ್ಪು ಅಂಚಿಗೆ ಕೊಡುತ್ತೇನೆ. ಅಳತೆಯೂ ಬಾಯ್ಕಳಕಕ್ಕೆ ಹೊಂದುತ್ತದೆ, ಬಿಳಿ ಕೊಕ್ಕರೆಗೆ ಕಮ್ಮಿಯಾಯಿತು.

ಒಂದು ಕೆಲಸ ಮಕ್ಕಳಿಗೆ ಹೇಳಿ. ಆ ಗದ್ದೆಯ ಬದುವಿನಲ್ಲಿ ನೀರಿನ ಬಸವನಹುಳುವಿನ ಖಾಲಿ ಚಿಪ್ಪು ಬಿದ್ದಿವೆಯೇ ಹುಡುಕಲಿ. ಬಾಯ್ಕಳಕದ ಮುಖ್ಯ ಊಟ ಅದೇ, ಮಾಂಸ ಎಳೆದುಕೊಂಡು ಚಿಪ್ಪು ಬಿಡುತ್ತದೆ. ಬೇರೆ ಪ್ರಾಣಿಗಳೂ ತಿನ್ನುತ್ತವೆ, ಹಾಗಾಗಿ ಚಿಪ್ಪು ಸಿಕ್ಕಿದ್ದಕ್ಕೇ ಸಾಕ್ಷಿಯಾಗಲಿಲ್ಲ. ಆದರೆ ಆ ಹಕ್ಕಿಗೆ ಬೇಕಾದ ಜಾಗ ಹೌದು ಅಂತ ಗೊತ್ತಾಗುತ್ತದೆ.

ಪದದ ಮಾತಿಗೆ ಬಂದರೆ, ಅಜ್ಜಿ ಹೇಳಿದ ಕೊಕ್ಕರೆ ದೊಡ್ಡ ಚೀಲ, ಅದರಲ್ಲಿ ಬೆಳ್ಳಕ್ಕಿಯೂ ಸೇರುತ್ತದೆ. ಪಕ್ಷಿ ಪುಸ್ತಕಗಳಲ್ಲಿ ಕೊಕ್ಕರೆ ಎಂದರೆ ಬಾಯ್ಕಳಕ, ಬಣ್ಣದ ಕೊಕ್ಕರೆ, ಬಿಳಿ ಕೊಕ್ಕರೆ ಇವುಗಳ ಗುಂಪು ಮಾತ್ರ. ಬಕವನ್ನು ಕೊಳದ ಬಕ, ಬೂದು ಬಕಕ್ಕೆ ಇಟ್ಟುಕೊಂಡಿದ್ದಾರೆ. ಮೇಷ್ಟ್ರ ಫೋಟೊಗೆ ಕೊಕ್ಕರೆ ಎರಡೂ ಲೆಕ್ಕದಲ್ಲಿ ನಿಲ್ಲುತ್ತದೆ. ನಾನಾದರೆ "ಕೊಕ್ಕರೆ, ಬಹುಶಃ ಬಾಯ್ಕಳಕ" ಅಂತ ಹಾಕುತ್ತೇನೆ.

ಪಿ. ಎಂ., ಸಾಗರ

ಮಕ್ಕಳ ಪುಸ್ತಕದಲ್ಲಿ ಬಹುಶಃ ಹಾಕಿದರೆ ಓದುವವರಿಗೆ ಇವರಿಗೇ ಗೊತ್ತಿಲ್ಲ ಅನಿಸುವುದಿಲ್ಲವೇ? ಬರೀ ಕೊಕ್ಕರೆ ಸಾಕು ಅಂತ ನನ್ನ ಅನಿಸಿಕೆ. ಬಾಯ್ಕಳಕ ಬೇಕೇ ಬೇಕು ಅಂದರೆ ಸಂದು ಕಾಣುವ ಫೋಟೊ ಸಿಗಲಿ.

ಕೆ. ಆರ್., ಮಂಡ್ಯ ಕಡೆಯ ಮೇಷ್ಟ್ರು

ಮಕ್ಕಳಿಗೆ ಎರಡನ್ನೂ ಓದಿ ಹೇಳಿದೆ. ಬಹುಶಃ ಇರಲಿ ಅಂದವರೇ ಜಾಸ್ತಿ, ಫೋಟೊ ತೆಗೆದ ಹುಡುಗ ಮಾತ್ರ ಬೇಡ ಅನ್ನುತ್ತಾನೆ. ಭಾನುವಾರ ಚಿಪ್ಪು ಹುಡುಕಲು ಹೋಗುತ್ತಾರಂತೆ, ಈ ಸಲ ಏರಿ ಮೇಲಿಂದ ಅಲ್ಲ, ಸೂರ್ಯ ಬೆನ್ನಿಗಿರುವ ಕಡೆಯಿಂದ ತೆಗೆಯಲು ಹೇಳಿದ್ದೇನೆ. ಪುಸ್ತಕ ಅಚ್ಚಿಗೆ ಕೊಡುವುದಕ್ಕೆ ಇನ್ನೂ ಸಮಯವಿದೆ. ಅಂದ ಹಾಗೆ, ಎನ್. ಜಿ. ಸರ್, ಚಿಪ್ಪಿನ ಬಾಯಿಯಲ್ಲಿ ಇರುವ ಆ ಗಟ್ಟಿ ಮುಚ್ಚಳಕ್ಕೆ ನಿಮ್ಮ ಕಡೆ ಏನನ್ನುತ್ತಾರೆ? ಮಕ್ಕಳು ಅದನ್ನೂ ಕೇಳುತ್ತಿದ್ದಾರೆ.